ಐದು ಅಕ್ಷರ, ಒಂದು ಸೊನ್ನೆ, ಒಂದು ಚುಕ್ಕಿ

ಬೋರ್ಡ್ ಮಾಡುವವನಿಗೆ ಸಿಟ್ಟು ಇರಬಾರದು ಎಂದು ನನ್ನ ಅಪ್ಪ ಹೇಳುತ್ತಿದ್ದರು. ಸಿಟ್ಟು ಬಂದರೆ ಕೈ ನಡುಗುತ್ತದೆ, ಕೈ ನಡುಗಿದರೆ ಅಕ್ಷರ ಕೆಡುತ್ತದೆ. ಈಗ ಅಕ್ಷರ ಕೊಯ್ಯುವುದು ಮೆಷಿನ್. ಹಾಗಾಗಿ ನಾನು ಬೇಕಾದಷ್ಟು ಸಿಟ್ಟು ಮಾಡಿಕೊಳ್ಳುತ್ತೇನೆ, ಮೆಷಿನ್ ತನ್ನ ಪಾಡಿಗೆ ಕೊಯ್ಯುತ್ತಿರುತ್ತದೆ. ಹಂಪನಕಟ್ಟೆಯಲ್ಲಿ ಶಾಹುಲನ ಬೋರ್ಡ್ ಅಂಗಡಿ ಎಲ್ಲಿ ಎಂದು ಯಾರನ್ನು ಕೇಳಿದರೂ ದಾರಿ ತೋರಿಸುತ್ತಾರೆ. ಹೆಚ್ಚು ಚೌಕಾಸಿ ಮಾಡಬೇಡಿ ಎಂಬ ಬುದ್ಧಿಮಾತು ಅದರ ಜೊತೆಗೆ ಪುಕ್ಕಟೆ.

ಕಳೆದ ಸೆಪ್ಟೆಂಬರಿನಲ್ಲಿ ಒಂದು ಬೆಳಿಗ್ಗೆ ಮನ್ವಿತಾ ಒಂದು ಗೋಣಿಚೀಲ ಎಳೆದುಕೊಂಡು ನನ್ನ ಅಂಗಡಿಗೆ ಬಂದಳು. ಸದಾನಂದಣ್ಣನ ಒಬ್ಬಳೇ ಮಗಳು. ನನ್ನ ಅಂಗಡಿಯಿಂದ ನಾಲ್ಕು ಬಾಗಿಲು ಆಚೆ ಅವರ ಜವಳಿ ಅಂಗಡಿ: ಸೀರೆ, ರವಿಕೆ ಬಟ್ಟೆ, ಲೈನಿಂಗ್. ಬಾಗಿಲ ಮೇಲೆ ಸಾಗುವಾನಿ ಹಲಗೆ, ಅದರ ಮೇಲೆ ಹಿತ್ತಾಳೆಯ ಅಕ್ಷರಗಳಲ್ಲಿ 'ಬಿ. ಸದಾನಂದ ಅಂಡ್ ಸನ್ಸ್'. ಆ ಅಕ್ಷರಗಳನ್ನು ಸಣ್ಣ ಗರಗಸದಲ್ಲಿ ಕೊಯ್ದು ಅರ ಹಾಕಿ ಉಜ್ಜಿದ್ದು ನನ್ನ ಅಪ್ಪ ಅಲಿಯಬ್ಬ. ಆಗ ನನಗೆ ಹದಿನೇಳು ವರ್ಷ, ಪಾಲಿಶ್ ಹಾಕುವ ಕೆಲಸ ನನ್ನದಾಗಿತ್ತು.

ಚೀಲವನ್ನು ಮೇಜಿನ ಮೇಲೆ ಸುರಿದಳು. ಢಣಢಣ ಎಂದು ಹಿತ್ತಾಳೆ ಬಿತ್ತು. ಪಡೀಲಿನಲ್ಲಿ ಅವರದೊಂದು ಸಣ್ಣ ಬ್ರಾಂಚ್ ಇತ್ತು. ಕೊರೋನಾದ ನಂತರ ಕುಂಟುತ್ತಾ ನಡೆದು ಹೋದ ವರ್ಷ ಮುಚ್ಚಿತು. ಅಲ್ಲಿಯ ಬೋರ್ಡಿನಿಂದ ಕಳಚಿದ ಅಕ್ಷರಗಳು ಇವು. ಇವೂ ಅಪ್ಪನ ಕೈಯವೇ.

"ಶಾಹುಲ್ ಅಂಕಲ್, ಇದರಲ್ಲಿ ನಮ್ಮ ಅಂಗಡಿಗೆ ಒಂದು ಟ್ಯಾಗ್‌ಲೈನ್ ಮಾಡ್ಬೇಕು" ಎಂದಳು.

"ಇದರಲ್ಲಿ ಅಂದ್ರೆ ಎಂತ?"

"ಇದರಲ್ಲೇ. ಹೊರಗಿನದ್ದು ಒಂದು ಅಕ್ಷರ ಸಹ ಸೇರಿಸ್ಲಿಕ್ಕಿಲ್ಲ. ಅಪ್ಪನ ಶರ್ತ."

ಕೇಳಿದರೆ ನಗು ಬರಬೇಕು, ನನಗೆ ಸಿಟ್ಟು ಬಂತು. ಆದರೆ ಅವಳ ಮುಖದಲ್ಲಿ ನಗು ಇರಲಿಲ್ಲ, ಹಾಗಾಗಿ ಕುರ್ಚಿ ಎಳೆದು ಕೂರಿಸಿ ಸರಿಯಾಗಿ ಹೇಳು ಎಂದೆ.

ವಿಷಯ ಹೀಗೆ. ಸದಾನಂದಣ್ಣನಿಗೆ ಅರವತ್ತೆಂಟು, ಮೊಣಕಾಲು ಹಿಡಿದಿದೆ. ಮೊಬೈಲ್ ಕವರ್ ಮಾರುವ ಒಬ್ಬ ಅಂಗಡಿಯನ್ನು ಬಾಡಿಗೆಗೆ ಕೇಳಿದ್ದಾನೆ. ಅಕ್ಟೋಬರ್ ಒಂದಕ್ಕೆ ಬೀಗದಕೈ ಕೊಡುವ ಮಾತಾಗಿದೆ. ಮನ್ವಿತಾಳಿಗೆ ಅದು ಬೇಡ. ಮಹಡಿಯಲ್ಲಿ ಎರಡು ಹೊಲಿಗೆ ಯಂತ್ರ ಇಟ್ಟು, ಬೆಂಗ್ರೆಯಿಂದ ದೋಣಿಯಲ್ಲಿ ಹೊಳೆ ದಾಟಿ ಬರುವ ರಮ್ಲಾ ಎಂಬ ಹೆಂಗಸನ್ನು ಜೊತೆಗೆ ಹಾಕಿಕೊಂಡು, ಬಟ್ಟೆ ಕೊಂಡಲ್ಲೇ ರವಿಕೆ ಹೊಲಿದುಕೊಡುವ ಕೆಲಸ ಶುರುಮಾಡಿದ್ದಾಳೆ. ಗಿರಾಕಿ ಬರುತ್ತಿದ್ದಾರೆ. ಬೋರ್ಡಿನ ಕೆಳಗೆ ಒಂದು ಸಾಲು ಹೊಸ ಮಾತು ಬೇಕು ಎಂದು ಅಪ್ಪನ ಹತ್ತಿರ ಕೇಳಿದ್ದಕ್ಕೆ ಈ ಶರ್ತ ಬಂದಿದೆ.

ಸದಾನಂದಣ್ಣನ ಬಗ್ಗೆ ಒಂದು ಮಾತು ಹೇಳಬೇಕು. ನಲವತ್ತು ವರ್ಷದಿಂದ ಅವರು ಅಂಗಡಿ ತೆರೆದ ಕೂಡಲೇ ಮಾಡುವ ಮೊದಲ ಕೆಲಸ ಪೇಪರಿನ ಪದಬಂಧ ತುಂಬಿಸುವುದು. ಅದು ಮುಗಿಯದೆ ಸೀರೆ ಬಿಚ್ಚುವುದಿಲ್ಲ. ಎಡದಿಂದ ಬಲಕ್ಕೆ ಏಳನೆಯದು ಸಿಗದ ದಿನ ಗಿರಾಕಿಗಳ ಗತಿ ದೇವರಿಗೇ ಪ್ರೀತಿ. ಅಂಥವರು ಮಗಳಿಗೆ ಹೇಳಿದ್ದಾರೆ: "ಆ ಗೋಡೆಯಲ್ಲಿ ಅಂಗಡಿ ಹೆಸರಿನ ಅಕ್ಷರ ಬಿಟ್ಟು ಬೇರೆ ಅಕ್ಷರ ಹತ್ತುದು ಬೇಡ. ಅದೂ ಅಲಿಯಬ್ಬ ಬ್ಯಾರಿ ಕೊಯ್ದದ್ದೇ ಆಗ್ಬೇಕು. ಅಷ್ಟರಲ್ಲಿ ನಮ್ಮ ವ್ಯಾಪಾರಕ್ಕೆ ಹೊಂದುವ ಒಂದು ಮಾತು ಮಾಡಿ ತೋರಿಸು. ನಾನು ಒಪ್ಪಿದ್ರೆ ಅಂಗಡಿ ಐದು ವರ್ಷ ನಿನ್ನದು. ಇಲ್ಲದಿದ್ರೆ ಒಂದನೇ ತಾರೀಕಿಗೆ ಮೊಬೈಲಿನವನಿಗೆ."

ಇದು ಶರ್ತವಲ್ಲ, 'ಇಲ್ಲ' ಎನ್ನಲು ಬಾಯಿ ಬಾರದವನು ಹಿಡಿದ ಬಳಸು ದಾರಿ. ಮಗಳಿಗೆ ನೇರವಾಗಿ ಇಲ್ಲ ಎಂದು ಅವರು ಒಂದು ದಿನವೂ ಹೇಳಿದವರಲ್ಲ. ಆದರೆ ಗುತ್ತಿನ ಮನೆಯವರು, ಹಳೆಯ ದೊಡ್ಡ ಮನೆತನ. ಆಡಿದ ಮಾತಿಗೆ ತಪ್ಪುವುದಿಲ್ಲ ಎಂಬುದೂ ಅಷ್ಟೇ ನಿಜ.

ನಾನು ಮೇಜಿನ ಮೇಲೆ ಹಳೆ ಕ್ಯಾಲೆಂಡರ್ ಹಾಸಿ ತುಂಡುಗಳನ್ನು ಜೋಡಿಸಿದೆ. ಬಿ, ಸ, ದಾ, ನ, ದ. ಐದು ಅಕ್ಷರ. ಬಳೆಯಂಥ ಒಂದು ಸೊನ್ನೆ. 'ಬಿ' ಯ ಮುಂದಿನ ಒಂದು ಚುಕ್ಕಿ. ಇಷ್ಟೇ.

"ಅಂಡ್ ಸನ್ಸ್ ಎಲ್ಲಿ?" ಎಂದು ಕೇಳಲು ಬಾಯಿ ತೆರೆದವನು ಹಾಗೇ ಮುಚ್ಚಿದೆ. ಪಡೀಲಿನ ಬೋರ್ಡಿಗೆ ಅದನ್ನು ಕೊಯ್ದಿರಲೇ ಇಲ್ಲ. ಬರೀ 'ಬಿ. ಸದಾನಂದ' ಸಾಕು ಎಂದು ಅವರೇ ಬಂದು ಹೇಳಿದ್ದು ನನಗೆ ನೆನಪಿತ್ತು.

ಕೆಲಸದ ನಿಯಮವನ್ನು ಅವಳಿಗೆ ವಿವರಿಸಿದೆ. ಹಿತ್ತಾಳೆಯಲ್ಲಿ ಅಕ್ಷರ ಎಂದರೆ ಕಾಗುಣಿತ ಸಮೇತ ಒಂದೇ ತುಂಡು. ದಾ ಇದ್ದರೆ ಅದು ದಾ ಮಾತ್ರ, ಅದನ್ನು ದ ಎಂದು ನಡೆಸಲು ಬರುವುದಿಲ್ಲ. ಒಂದು ತುಂಡು ಒಂದೇ ಸಲ. ಸೊನ್ನೆ ಮಾತ್ರ ಬಿಡಿಯಾಗಿರುವುದರಿಂದ ಯಾವ ಅಕ್ಷರದ ಪಕ್ಕಕ್ಕೂ ಹೋಗಬಹುದು. ನಂದ ಆಗಬಹುದು, ಸಂದ ಆಗಬಹುದು. ಚುಕ್ಕಿಯನ್ನು ವಾಕ್ಯದ ಕೊನೆಗೆ ಇಡಬಹುದು.

ಮರುದಿನ ಅವಳು ಲ್ಯಾಪ್‌ಟಾಪ್ ಸಮೇತ ಬಂದಳು. ಅಕ್ಷರ ಕೊಟ್ಟರೆ ಪದ ಮಾಡಿಕೊಡುವ ಯಾವುದೋ ವೆಬ್‌ಸೈಟ್ ಸಿಕ್ಕಿತ್ತು.

"ಅಂಕಲ್, 'ಬಂದ ದಿನ' ಅಂತ ಬರ್ತದೆ. 'ಸ' ಒಂದು ಉಳಿತದೆ. ಒಳ್ಳೇದುಂಟಲ್ಲ?"

"ಬ ಎಲ್ಲುಂಟು ನನ್ನ ಮೇಜಿನಲ್ಲಿ? ಇರುದು ಬಿ. ದಿ ಎಲ್ಲುಂಟು?"

ಕಂಪ್ಯೂಟರ್ ಏನು ಮಾಡಿತ್ತು ಎಂದರೆ, ಬಿಯ ಗುಡಿಸನ್ನು ಕಿತ್ತು ದಕ್ಕೆ ಹಚ್ಚಿ ದಿ ಮಾಡಿತ್ತು. ದಾದ ಇಳಿಯನ್ನು ಕಿತ್ತು ಎಲ್ಲೋ ಬಿಸಾಡಿತ್ತು. ಅದಕ್ಕೆ ಅಕ್ಷರ, ಕಾಗುಣಿತ ಎಲ್ಲ ಬೇರೆ ಬೇರೆ ಚೂರು. ಪರದೆಯ ಮೇಲೆ ಅದು ನಡೆದೀತು, ಗೋಡೆಯ ಮೇಲೆ ನಡೆಯುವುದಿಲ್ಲ.

"ಬಿಯ ತಲೆಯನ್ನು ಸ್ವಲ್ಪ ಗ್ರೈಂಡ್ ಮಾಡಿ ಬ ಮಾಡ್ಲಿಕ್ಕೆ ಆಗುದಿಲ್ವಾ?" ಎಂದು ಕೇಳಿದಳು.

ಇಲ್ಲಿ ನಾನು ಗಟ್ಟಿಯಾಗಿ ಮಾತಾಡಿದೆ ಎಂದು ಒಪ್ಪಿಕೊಳ್ಳುತ್ತೇನೆ. ಬಿಯ ತಲೆ ತೆಗೆದರೆ ಅದು ಬ ಆಗುವುದಿಲ್ಲ, ಮೇಲ್ಭಾಗವೇ ಇಲ್ಲದ ಬೋಳು ತುಂಡಾಗುತ್ತದೆ. ಅದಿರಲಿ, ನನ್ನಪ್ಪ ಮೂರು ದಿನ ಕೂತು ಅರ ಹಾಕಿದ ಅಕ್ಷರಕ್ಕೆ ನಾನು ಗ್ರೈಂಡರ್ ಹಿಡಿಯಬೇಕಾ? ಅವಳು ಲ್ಯಾಪ್‌ಟಾಪ್ ಮುಚ್ಚಿದಳು. ಆಮೇಲೆ ಎರಡು ಲಿಂಬೆ ಸೋಡಾ ತರಿಸಿದೆ. ನನ್ನ ಕ್ಷಮಾಪಣೆ ಯಾವಾಗಲೂ ಸೋಡಾದ ರೂಪದಲ್ಲೇ ಬರುವುದು.

ಆ ದಿನದಿಂದ ಕಂಪ್ಯೂಟರ್ ಬಿಟ್ಟು ಕೈಯಲ್ಲೇ ಹುಡುಕಿದೆವು. ಮಧ್ಯಾಹ್ನ ಊಟದ ಹೊತ್ತಿನಲ್ಲಿ, ಗಿರಾಕಿ ಇಲ್ಲದಾಗ, ಅವಳು ಬಂದು ತುಂಡುಗಳನ್ನು ಆಚೆ ಈಚೆ ಸರಿಸುತ್ತಿದ್ದಳು. ಎರಡು ತುಂಡಿನಲ್ಲಿ ಆಗುವುದನ್ನೆಲ್ಲ ಮೊದಲು ಬರೆದೆವು. ದಾಸ, ದಾನ, ಸದಾ. ಸೊನ್ನೆ ಸೇರಿಸಿ ನಂದ, ಸಂದ, ನಂಬಿ. ದಾನ ಎಂದು ಬೋರ್ಡ್ ಹಾಕಿದರೆ ಸಂಜೆಯೊಳಗೆ ಅಂಗಡಿ ಖಾಲಿ. ನಾಲ್ಕು ತುಂಡಿನಲ್ಲಿ 'ನಂಬಿದ' ಬಂತು. ಅದು ಬಂದಾಗ ಇಬ್ಬರಿಗೂ ಕುತ್ತಿಗೆ ನೆಟ್ಟಗಾಯಿತು. ವ್ಯಾಪಾರಕ್ಕೆ ನಂಬಿಕೆಗಿಂತ ದೊಡ್ಡ ಮಾತು ಯಾವುದು?

ನಂಬಿದ ಎಂದಿಟ್ಟರೆ ಉಳಿಯುವುದು ಸ ಮತ್ತು ದಾ. ಮುಂದಿಟ್ಟರೆ 'ಸದಾ ನಂಬಿದ'. ತಿರುಗಿಸಿ ಹಿಂದಿಟ್ಟರೆ 'ನಂಬಿದ ದಾಸ'. ಎರಡರಲ್ಲೂ ಒಂದು ತುಂಡೂ ಉಳಿಯುವುದಿಲ್ಲ. ಇಂಥದ್ದು ಸಾವಿರ ಹೆಸರಿಗೊಂದು ಸಿಕ್ಕಿದರೆ ಪುಣ್ಯ. ಅವಳು ಫೋಟೋ ತೆಗೆದು ಅಪ್ಪನಿಗೆ ತೋರಿಸಲು ಓಡಿದಳು, ನಾನೂ ಹಿಂದಿನಿಂದ ಹೋದೆ.

ಸದಾನಂದಣ್ಣ ಪದಬಂಧದಿಂದ ತಲೆ ಎತ್ತಿ ಕನ್ನಡಕದ ಮೇಲಿನಿಂದ ನೋಡಿದರು.

"ನಂಬಿದ ದಾಸ. ಒಳ್ಳೇದುಂಟು ಮಗಾ. ಸೀರೆ ತೆಗೆದು ತಾಳ, ಜಾಗಟೆ ಇಡುವ. ಸಂಜೆ ಭಜನೆ."

"ಅದಲ್ಲ, ಇನ್ನೊಂದು ನೋಡಿ. ಸದಾ ನಂಬಿದ."

"ಯಾರು? ಯಾರನ್ನು? ಎಂತದ್ದನ್ನು? ಅರ್ಧದಲ್ಲಿ ಬಿಟ್ಟದ್ದಲ್ವಾ ಇದು. ಗಿರಾಕಿ ಓದಿ ರಸ್ತೆಯಲ್ಲೇ ನಿಂತಾನು, ಉಳಿದದ್ದು ಯಾವಾಗ ಬರ್ತದೆ ಅಂತ."

"ಹಾಗಾದ್ರೆ ಸದಾ ನಂಬಿ. ದ ಒಂದನ್ನು ಬಿಡುವ."

"ದೇವಸ್ಥಾನದ ಕಾಣಿಕೆ ಡಬ್ಬಿಗೆ ಬರೆಯುವ ಮಾತು ಅದು. ನಮ್ಮಲ್ಲಿ ಎಂತ ಸಿಗ್ತದೆ ಅಂತ ಅದರಲ್ಲಿ ಎಲ್ಲುಂಟು? ನಾನು ಇದನ್ನೆಲ್ಲ ಮೂವತ್ತು ವರ್ಷ ಹಿಂದೆಯೇ ಮಾಡಿ ನೋಡಿದ್ದೇನೆ ಮಾರಾಯ್ತಿ."

ಆ ಮಾತಿನಲ್ಲಿ ಗೆದ್ದ ಖುಷಿ ಇರಲಿಲ್ಲ, ಬೇಸರವೇ ಇತ್ತು. ನನಗೆ ಅದು ಆಗ ಅರ್ಥವಾಗಲಿಲ್ಲ. ಆದರೆ ಅವರು ಹೇಳಿದ್ದು ಸರಿ. ನಂಬಿ ಎಂದರೆ ಸಾಲದು, ಏನನ್ನು ಎಂಬ ಒಂದು ಪದ ಬೇಕಿತ್ತು. ಬಟ್ಟೆಗೆ, ರವಿಕೆಗೆ, ಹೆಂಗಸರಿಗೆ ಹೊಂದುವ ಒಂದೇ ಒಂದು ಪದ.

ತಾರೀಕು ಇಪ್ಪತ್ತಾಯಿತು, ಇಪ್ಪತ್ತೈದಾಯಿತು. ಮೊಬೈಲಿನವನು ಒಂದು ದಿನ ಅಳತೆ ಪಟ್ಟಿ ಹಿಡಿದು ಬಂದು ಗೋಡೆಗಳನ್ನು ಅಳೆದು ಹೋದ. ಮನ್ವಿತಾ ಬರುವುದು ಕಡಿಮೆಯಾಯಿತು. ಬಂದರೂ ತುಂಡುಗಳನ್ನು ಮುಟ್ಟದೆ ಕುಳಿತಿರುತ್ತಿದ್ದಳು. ಇಷ್ಟು ಬೇಗ ಕೈಚೆಲ್ಲುವ ಹುಡುಗಿಯಲ್ಲ ಇವಳು ಎಂದು ನನಗೆ ಆಶ್ಚರ್ಯವಾಯಿತು. ನನಗೋ ನಿದ್ದೆಯಲ್ಲೂ ಬಿ, ಸ, ದಾ.

ಇಪ್ಪತ್ತೇಳನೇ ತಾರೀಕು ಅವಳು ನೋಟ್‌ಬುಕ್ಕನ್ನು ನನ್ನ ಮೇಜಿನಲ್ಲೇ ಮರೆತು ಹೋದಳು. ಬೇರೆಯವರ ಪುಸ್ತಕ ತೆರೆಯಬಾರದು. ತೆರೆದೆ. ಮೊದಲ ಪುಟದಲ್ಲೇ, ಅಂದರೆ ಚೀಲ ತಂದ ದಿನವೇ, ಒಂದು ಸಾಲು ಬರೆದು ಅದರ ಮೇಲೆ ಗೀಚಿ ಗೀಚಿ ಹೊಡೆದುಹಾಕಿದ್ದಳು. ಬೆಳಕಿಗೆ ಹಿಡಿದರೆ ಓದಲು ಬರುತ್ತಿತ್ತು.

'ಸದಾ ಅಂದ. ನಂಬಿ'

ನಾನು ತುಂಡುಗಳನ್ನು ಇಟ್ಟು ನೋಡಿದೆ. ಸ, ದಾ. ದ. ಚುಕ್ಕಿ. ನ, ಸೊನ್ನೆ, ಬಿ. ಪಡೀಲಿನ ಚೀಲದ ಒಂದೊಂದು ತುಂಡೂ ಕೂತಿತು. ರವಿಕೆ ಹೊಲಿಯುವ ಅಂಗಡಿಗೆ ಅಂದಕ್ಕಿಂತ ಒಳ್ಳೆ ಪದ ಬೇಕೆ? ಬೇಕಾದದ್ದು ಇನ್ನೆರಡೇ ತುಂಡು: ಒಂದು ಅ, ಒಂದು ಸೊನ್ನೆ. ಅವೆರಡೂ ಎಲ್ಲಿವೆ ಎಂದು ನನಗೆ ಗೊತ್ತು, ನಾನೇ ಪಾಲಿಶ್ ಹಾಕಿದ್ದು. ದೊಡ್ಡ ಅಂಗಡಿಯ ಬೋರ್ಡಿನಲ್ಲಿ, 'ಅಂಡ್ ಸನ್ಸ್' ಎನ್ನುವಲ್ಲಿ. ಅದು ಅಂಗಡಿ ಹೆಸರಿನದ್ದೇ ಅಕ್ಷರ, ಅಲಿಯಬ್ಬ ಬ್ಯಾರಿ ಕೊಯ್ದದ್ದೇ. ಶರ್ತದ ಒಳಗೇ ಇದೆ.

ನೋಟ್‌ಬುಕ್ ಹುಡುಕಿಕೊಂಡು ಬಂದವಳಿಗೆ ಅದನ್ನು ತೋರಿಸಿದೆ.

"ಇದು ಮೊದಲ ದಿನವೇ ಸಿಕ್ಕಿದೆಯಲ್ಲ ನಿನಗೆ. ಇಷ್ಟು ದಿನ ನನ್ನ ಹತ್ರ ಎಂತಕ್ಕೆ ಮಣ್ಣು ಹೊರಿಸಿದ್ದು?"

ಅವಳು ನಿಂತೇ ಇದ್ದಳು. "ಅದನ್ನು ಕೇಳ್ಲಿಕ್ಕಾಗುದಿಲ್ಲ ಅಂಕಲ್. ನಿಮಗೆ ಗೊತ್ತುಂಟಲ್ಲ."

ಗೊತ್ತಿತ್ತು. ಮೂವತ್ತಾರು ವರ್ಷದ ಹಿಂದೆ ಸದಾನಂದಣ್ಣ ನಮ್ಮ ಅಂಗಡಿಗೆ ಲಾಡು ಹಂಚಲು ಬಂದಿದ್ದರು. ಗಂಡು ಮಗು ಹುಟ್ಟಿದೆ, ಬೋರ್ಡಿಗೆ 'ಅಂಡ್ ಸನ್ಸ್' ಸೇರಿಸಿ ಎಂದು ಅಪ್ಪನಿಗೆ ಹೇಳಿದರು. ಒಂದೇ ಮಗುವಿಗೆ ಸನ್ಸ್ ಯಾಕೆ ಎಂದು ಅಪ್ಪ ಕೇಳಿದ್ದಕ್ಕೆ, ಇನ್ನೂ ಬರ್ತಾರೆ ಬ್ಯಾರಿಗಳೇ, ಅವಸರ ಎಂತ ಎಂದು ನಕ್ಕಿದ್ದರು. ಅಕ್ಷರ ತಯಾರಾಗುವಷ್ಟರಲ್ಲಿ ಮಗು ಹೋಗಿತ್ತು. ಹನ್ನೊಂದು ದಿನ ಬದುಕಿತ್ತು. ಅಪ್ಪ ಅಕ್ಷರಗಳನ್ನು ಬಟ್ಟೆಯಲ್ಲಿ ಸುತ್ತಿ ಮೂಲೆಗಿಟ್ಟರು. ಕೇಳಿದರೆ ಕೊಡುವ, ಕೇಳದಿದ್ದರೆ ಬೇಡ ಎಂದು. ತಿಂಗಳ ಮೇಲೆ ಸದಾನಂದಣ್ಣ ಬಂದು ಕಟ್ಟನ್ನು ತೆಗೆದುಕೊಂಡು ಹೋಗಿ ಹಲಗೆಗೆ ಹಾಕಿಸಿದರು. ನಾಲ್ಕು ವರ್ಷದ ನಂತರ ಮನ್ವಿತಾ ಹುಟ್ಟಿದಳು. ಆಮೇಲೆ ಮಕ್ಕಳಾಗಲಿಲ್ಲ. ಪೇಟೆಯಲ್ಲಿ ಹೊಸಬರು 'ಸನ್ಸ್ ಎಲ್ಲಿದ್ದಾರೆ?' ಎಂದು ತಮಾಷೆ ಮಾಡಿದಾಗಲೆಲ್ಲ ಸದಾನಂದಣ್ಣನೂ ಅವರ ಜೊತೆ ನಗುತ್ತಿದ್ದರು.

"ಅಮ್ಮ ಹೇಳಿದ್ದು ನನಗೆ" ಎಂದಳು ಮನ್ವಿತಾ. "ಅಣ್ಣನಿಗೆ ಹೆಸರಿಡುವ ಮೊದಲೇ ಹೋದದ್ದಂತೆ. ಆಸ್ಪತ್ರೆ ಚೀಟಿಯಲ್ಲಿ ಸಹ ಗುಲಾಬಿಯವರ ಮಗು ಅಂತ ಮಾತ್ರ ಉಂಟು. ಅವನಿಗೆ ಅಂತ ಎಲ್ಲಾದ್ರೂ ಬರೆದದ್ದು ಇದ್ರೆ ಅದು ಈ ಬೋರ್ಡಿನಲ್ಲಿ ಮಾತ್ರ. ಅದನ್ನು ಕಿತ್ತು ಕೊಡಿ, ನನಗೆ ವ್ಯಾಪಾರಕ್ಕೆ ಬೇಕು ಅಂತ ಹೇಗೆ ಕೇಳುದು? ಅಂಗಡಿ ಹೋದ್ರೆ ಹೋಗ್ಲಿ."

ನೋಟ್‌ಬುಕ್ ತೆಗೆದುಕೊಂಡು ಹೊರಟಳು. ಅಪ್ಪನ ಹತ್ತಿರ ಹೇಳಬಾರದು ಎಂದು ನನ್ನಿಂದ ಮಾತು ತೆಗೆದುಕೊಳ್ಳಲಿಲ್ಲ. ತೆಗೆದುಕೊಂಡಿದ್ದರೂ ನಾನು ಉಳಿಸಿಕೊಳ್ಳುತ್ತಿದ್ದೆನೋ ಇಲ್ಲವೋ. ಹತ್ತು ನಿಮಿಷ ಕೂತೆ. ಮೂವತ್ತೆರಡು ವರ್ಷದ ಹೆಣ್ಣು, ಉತ್ತರ ಕೈಯಲ್ಲಿಟ್ಟುಕೊಂಡು, ಅಪ್ಪನಿಗೆ ನೋವಾದೀತು ಎಂದು ಇಡೀ ಅಂಗಡಿಯನ್ನೇ ಬಿಟ್ಟುಕೊಡಲು ಹೊರಟಿದ್ದಾಳೆ. ಅವರೋ ಮಗಳಿಗೆ ಉತ್ತರವೇ ಸಿಗಲಿಲ್ಲ ಎಂದುಕೊಂಡು ಕೂತಿದ್ದಾರೆ.

ಎದ್ದು ಹೋದೆ. ಅದೃಷ್ಟಕ್ಕೆ ಅವಳು ಮಹಡಿಯಲ್ಲಿ ರಮ್ಲಾಳ ಜೊತೆ ಇದ್ದಳು, ಯಂತ್ರದ ಸದ್ದು ಕೇಳುತ್ತಿತ್ತು. ಸದಾನಂದಣ್ಣ ಒಬ್ಬರೇ ಇದ್ದರು. ಅವರ ಪೇಪರಿನ ಅಂಚಿನಲ್ಲಿ 'ಸದಾ ಅಂದ. ನಂಬಿ' ಎಂದು ಬರೆದು ಅವರ ಕಡೆ ತಿರುಗಿಸಿದೆ.

ಅವರು ಓದಿದರು. ಪದಬಂಧದವರ ಕಣ್ಣು, ಬೆರಳು ಒಂದೊಂದೇ ಅಕ್ಷರದ ಮೇಲೆ ಹೋಗಿ ಅಂ ಮೇಲೆ ನಿಂತಿತು.

"ಯಾವಾಗ ಸಿಕ್ಕಿದ್ದು ಅವಳಿಗೆ?"

"ಮೊದಲ ದಿನ."

"ಹೇಳ್ಲಿಲ್ಲ ನನಗೆ."

"ಹೇಗೆ ಹೇಳುದು? ನಿಮ್ಮಲ್ಲಿ ಹಿಂದೆ ಅಳಿಯಕಟ್ಟು ಅಲ್ವಾ ಸದಾನಂದಣ್ಣ, ಮನೆ, ಗದ್ದೆ ಎಲ್ಲ ಹೆಣ್ಣಿನ ಕಡೆಗೆ. ಪೇಟೆಗೆ ಬಂದು ಎಲ್ಲರ ಬೋರ್ಡ್ ನೋಡಿ ಅಂಡ್ ಸನ್ಸ್ ಮಾಡಿದ್ದು ನೀವು. ಆ ಹುಡುಗಿ ಈಗ ಅದಕ್ಕೆ ಹೆದರಿ ಕೂತಿದ್ದಾಳೆ. ಸತ್ತ ಮಗುವಿಗೆ ಕೊಟ್ಟ ಜಾಗದಲ್ಲಿ ಬದುಕಿರುವ ಮಗುವಿಗೆ ನಿಲ್ಲಲಿಕ್ಕೆ ಎರಡು ಅಕ್ಷರದಷ್ಟು ಜಾಗ ಇಲ್ವಾ?"

ಹೇಳಿ ಮುಗಿಸುವಷ್ಟರಲ್ಲೇ ನನಗೆ ನಾಲಿಗೆ ಕಚ್ಚಿಕೊಳ್ಳುವಂತಾಯಿತು. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬರುವುದಿಲ್ಲ ಎಂದು ಹಿರಿಯರು ಸುಮ್ಮನೆ ಹೇಳಿದ್ದಲ್ಲ. ಸದಾನಂದಣ್ಣ ಪೆನ್ನಿನ ಮುಚ್ಚಳ ಹಾಕಿದರು. ಪೇಪರನ್ನು ನಾಲ್ಕು ಮಡಿಕೆ ಮಾಡಿ ಕಿಸೆಗೆ ಹಾಕಿಕೊಂಡರು. ಪದಬಂಧದಲ್ಲಿ ಇನ್ನೂ ಎಂಟು ಮನೆ ಖಾಲಿ ಇದ್ದವು. ಆ ದಿನ ಮೊದಲ ಬಾರಿಗೆ ಅವರು ಮಧ್ಯಾಹ್ನದ ಊಟಕ್ಕೆ ಮನೆಗೆ ಹೋದವರು ತಿರುಗಿ ಬರಲಿಲ್ಲ.

ನಾನು ಅಂಗಡಿಗೆ ಬಂದು ಕೂತೆ. ನಲವತ್ತು ವರ್ಷದ ನೆರೆಕರೆ, ಎರಡು ತಲೆಮಾರಿನ ಸ್ನೇಹ, ಎಲ್ಲವನ್ನೂ ಒಂದು ಮಾತಿನಲ್ಲಿ ಹಾಳು ಮಾಡಿದೆ ಎಂದು ಅನಿಸಿತು. ಮನೆಯಲ್ಲಿ ಹೇಳಿದರೆ ಹೆಂಡತಿ ನಾಝಿಮಾ, "ನಿಮ್ಮ ಬಾಯಿಗೆ ಮೊದಲು ಒಂದು ಬೋರ್ಡ್ ಹಾಕಿ, ಮುಚ್ಚಿದೆ ಅಂತ" ಎಂದಳು.

ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಶಟರ್ ಎತ್ತುತ್ತಿದ್ದೆ. ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ಹಿಂದಿನಿಂದ ಸದಾನಂದಣ್ಣನ ದನಿ ಕೇಳಿತು.

"ಏಣಿ ಉಂಟಾ ಶಾಹುಲ್?"

ಇದೆ ಎಂದೆ.

"ತಾ. ಸ್ಕ್ರೂಡ್ರೈವರ್ ಸಹ ತಾ. ತುಕ್ಕು ಹಿಡಿದಿರಬಹುದು, ಸ್ವಲ್ಪ ಎಣ್ಣೆ ಇರಲಿ."

ನಿನ್ನೆಯ ಮಾತಿಗೆ ಕ್ಷಮೆ ಕೇಳಬೇಕೆಂದು ರಾತ್ರಿಯೆಲ್ಲ ವಾಕ್ಯ ಜೋಡಿಸಿ ಇಟ್ಟುಕೊಂಡಿದ್ದೆ. ಅವರು ಅದಕ್ಕೆ ಅವಕಾಶವನ್ನೇ ಕೊಡದೆ ಮುಂದೆ ನಡೆದರು. ಏಣಿ ಹೊತ್ತು ಹಿಂದೆ ಹೋದೆ. ಬಾಗಿಲ ಬಳಿ ಮನ್ವಿತಾ ಗುಡಿಸುತ್ತಿದ್ದವಳು ಪೊರಕೆ ಹಿಡಿದೇ ನಿಂತಳು. ನಾನು ಹತ್ತುತ್ತೇನೆ ಎಂದರೆ ಸದಾನಂದಣ್ಣ ಕೇಳಲಿಲ್ಲ. ಮೊಣಕಾಲು ಕಟಕಟ ಎನ್ನುತ್ತಿದ್ದರೂ ಒಂದೊಂದೇ ಮೆಟ್ಟಿಲು ಹತ್ತಿದರು. ನಾನು ಏಣಿ ಹಿಡಿದೆ.

"ಅಪ್ಪ, ಎಂತ ಮಾಡ್ತಿದ್ದೀರಿ?"

ಅವರು 'ಅ' ದ ಮೊದಲ ಸ್ಕ್ರೂವಿಗೆ ಎಣ್ಣೆ ಬಿಟ್ಟು ಕಾದರು. ಆಮೇಲೆ ತಿರುಗಿಸಿದರು. ಮೂವತ್ತಾರು ವರ್ಷದ ಸ್ಕ್ರೂ ಕಿರುಗುಟ್ಟಿ ಬಿಟ್ಟಿತು. ಅ ಬಂತು. ಸೊನ್ನೆ ಬಂತು. ಎರಡನ್ನೂ ನನ್ನ ಕೈಗೆ ಕೊಟ್ಟರು. ಆಮೇಲೆ ಡ್, ಸ, ನ್, ಅದರ ಕೆಳಗಿನ ಒತ್ತು. ಇವನ್ನು ಕೊಡಲಿಲ್ಲ, ಒಂದೊಂದಾಗಿ ಹೆಗಲ ಮೇಲಿನ ಬೈರಾಸು ವಸ್ತ್ರದಲ್ಲಿ ಸುತ್ತಿಕೊಂಡರು. ಹಲಗೆ ಅಲ್ಲಿ ಮಾತ್ರ ಹೊಸದರ ಹಾಗೆ ಕೆಂಪಗಿತ್ತು. ಗಾಳಿ ಬಿಸಿಲು ತಾಗದ ಸಾಗುವಾನಿಯಲ್ಲಿ ಅಂಡ್ ಸನ್ಸ್ ಎಂದು ಇನ್ನೂ ಸ್ಪಷ್ಟವಾಗಿ ಓದಬಹುದಾಗಿತ್ತು.

ಮನ್ವಿತಾ ಅಳುತ್ತಿದ್ದಳು. "ಬೇಡ ಅಪ್ಪ. ನನಗೆ ಬೇಡ. ಹಾಕಿ ಅದನ್ನು ತಿರುಗಿ. ಅದು ಅಣ್ಣನದ್ದು."

ಸದಾನಂದಣ್ಣ ಇಳಿದು ಕೊನೆಯ ಮೆಟ್ಟಿಲಲ್ಲಿ ಕೂತರು. ಉಸಿರು ಏರಿತ್ತು.

"ನಿನ್ನೆ ನಿನ್ನ ಅಮ್ಮನ ಹತ್ರ ಮಾತಾಡಿದೆ ಮಗಾ. ಇಷ್ಟು ವರ್ಷದಲ್ಲಿ ನಾವಿಬ್ಬರು ಅವನ ವಿಷಯ ಮಾತಾಡಿದ್ದೇ ಇಲ್ಲ. ನಿನ್ನೆ ಸಂಜೆ ತನಕ ಮಾತಾಡಿದೆವು. ಶರ್ತ ಹಾಕಿದ್ದು ಎಂತಕ್ಕೆ ಅಂತ ಕೇಳಿದ್ಲು. ನಾನು ಹೇಳಿದೆ, ಇವಳೂ ಈ ಅಂಗಡಿಯಲ್ಲಿ ನಿಂತು, ಅಂಗಡಿ ಮುಳುಗಿ, ನೋವು ತಿಂದ್ರೆ ನನ್ನಿಂದ ನೋಡ್ಲಿಕ್ಕಾಗುದಿಲ್ಲ ಅಂತ. ಅದಕ್ಕೆ ಅವಳು ಹೇಳಿದ್ಲು, ನೋವು ಆಗದ ಹಾಗೆ ಇಡ್ಲಿಕ್ಕೆ ಮನ್ವಿತಾ ಎಂತ ಹನ್ನೊಂದು ದಿನದ ಮಗುವಾ ಅಂತ." ಬೈರಾಸಿನ ಕಟ್ಟನ್ನು ಮಡಿಲಿನಲ್ಲಿ ಸರಿಮಾಡಿಕೊಂಡರು. "ಮೊಬೈಲಿನವನಿಗೆ ಫೋನ್ ಮಾಡಿ ಆಯ್ತು. ಇಲ್ಲ ಅಂತ ಹೇಳಿದೆ."

"ಆದ್ರೂ ಅವನ ಅಕ್ಷರ..."

"ಅವನದ್ದೇ. ನಾನು ಅವನಿಗೆ ಅಂತ ಮಾಡಿಸಿದ್ದು. ಈಗ ಅವನ ತಂಗಿಗೆ ಎರಡು ಬೇಕಾಗಿದೆ. ಅವನು ಇದ್ದಿದ್ರೆ ಕೊಡುದಿಲ್ಲ ಅಂತ ಹೇಳ್ತಿದ್ದನಾ?"

ಅವಳು ಪೊರಕೆ ಬಿಟ್ಟು ಬಂದು ನನ್ನ ಕೈಯಿಂದ ಅ ಮತ್ತು ಸೊನ್ನೆಯನ್ನು ತೆಗೆದುಕೊಂಡಳು. ಎರಡೂ ಹಸಿರು ಹಿಡಿದಿದ್ದವು. ಸೀರೆ ಸೆರಗಿನಲ್ಲೇ ಉಜ್ಜತೊಡಗಿದಳು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ, ಪಡೀಲಿನ ಚೀಲ ತರುತ್ತೇನೆ ಎಂದು ಹೊರಟೆ. ಹಿಂದಿನಿಂದ ಸದಾನಂದಣ್ಣ ಕರೆದು, ಹಲಗೆಯ ಕೆಂಪು ಜಾಗಕ್ಕೆ ಬಣ್ಣ ಬಳಿಯುವುದು ಬೇಡ, ಬಿಸಿಲಿಗೆ ತಾನಾಗಿ ಸರಿಹೋಗಲಿ ಎಂದರು. ಆಯಿತು ಎಂದೆ.

ನಾನು ತಿರುಗಿ ಬಂದಾಗ ಏಣಿಯ ಮೇಲೆ ಮನ್ವಿತಾ ಇದ್ದಳು. ಕೆಳಗೆ ನಿಂತ ಅಪ್ಪ, ಅಳತೆ ಪಟ್ಟಿಯ ಒಂದು ತುದಿ ಹಿಡಿದು, ಅ ಇನ್ನೊಂದು ಅಂಗುಲ ಎಡಕ್ಕೆ ಬರಲಿ ಎಂದು ಹೇಳುತ್ತಿದ್ದರು.